ಮಿದುಳಿನ ‘ರೀವೈರಿಂಗ್’ ಶಿಬಿರಗಳ ಕುರಿತು ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ ಹಾಗೂ ರಾಜ್ಯದ ಶಾಲಾ ಆಡಳಿತ ಮಂಡಳಿಗಳಿಗೆ,

ಮಾನ್ಯರೇ,

ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಲಕ್ವ ಹೊಡೆದು ಕೈ ಸೋತವರಿಗೆ ಲೋಟ ಹಿಡಿಯುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು, ತುತ್ತು ಕಲಸಿ ಬಾಯಿಗಿಡುವುದನ್ನು ಮತ್ತೆ ಕಲಿಸುವುದು ನನ್ನ ವೃತ್ತಿ. ಕಳೆದ ಜೂನ್ ತಿಂಗಳಲ್ಲಿ ನನ್ನ ಅಕ್ಕನ ಮಗನ ಶಾಲಾ ಡೈರಿಯೊಳಗೆ ಒಂದು ಕರಪತ್ರ ಬಂದಿತ್ತು. 21 ದಿನಗಳಲ್ಲಿ ನಿಮ್ಮ ಮಗುವಿನ ಮಿದುಳನ್ನು ರೀವೈರ್ ಮಾಡಿಕೊಡುತ್ತೇವೆ, ನಿದ್ರಿಸುತ್ತಿರುವ ಮಧ್ಯಮಿದುಳನ್ನು ಎಬ್ಬಿಸುತ್ತೇವೆ, ಕೋರ್ಸು ಮುಗಿಯುವಷ್ಟರಲ್ಲಿ ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತದೆ, ಗಣಿತದಲ್ಲಿಯೂ ಜ್ಞಾಪಕಶಕ್ತಿಯಲ್ಲಿಯೂ ಮುಂದೆ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಇವೆಲ್ಲಕ್ಕೂ ಆಧಾರ ‘ನ್ಯೂರೋಪ್ಲಾಸ್ಟಿಸಿಟಿ’ ಎಂಬ ವಿಜ್ಞಾನವೆಂದು ದಪ್ಪಕ್ಷರದಲ್ಲಿ ಹೇಳಿತ್ತು. ಕರಪತ್ರದ ಕೆಳಗೆ ಶಾಲೆಯ ಮೊಹರು ಇತ್ತು. ಮೊಹರು ಇಲ್ಲದಿದ್ದರೆ ನಾನು ಅದನ್ನು ಮಡಿಸಿ ಎಸೆಯುತ್ತಿದ್ದೆನೇನೋ. ಶಾಲೆಯೇ ಒಪ್ಪಿ ಕಳಿಸಿದೆ ಎಂದು ಅಕ್ಕ ಹಣ ಕಟ್ಟಲು ಹೊರಟಿದ್ದರಿಂದ ಈ ಪತ್ರ ಬರೆಯಬೇಕಾಯಿತು.

ನ್ಯೂರೋಪ್ಲಾಸ್ಟಿಸಿಟಿ ಸುಳ್ಳು ಪದವಲ್ಲ. ನನ್ನ ಅನ್ನ ನಡೆಯುತ್ತಿರುವುದೇ ಅದರಿಂದ. ಬಳಕೆಗೆ, ಅನುಭವಕ್ಕೆ, ಪೆಟ್ಟಿಗೆ ತಕ್ಕಂತೆ ಮಿದುಳು ತನ್ನೊಳಗಿನ ಸಂಪರ್ಕಗಳನ್ನು ಬದಲಾಯಿಸಿಕೊಳ್ಳುವ ಗುಣಕ್ಕೆ ಆ ಹೆಸರು. ಕನ್ನಡದಲ್ಲಿ ಅದನ್ನು ಮಿದುಳಿನ ನಮ್ಯತೆ ಎನ್ನುತ್ತೇವೆ. ನಮ್ಮ ತಲೆಯೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕಿರಿದಾದ ಸಂಧಿಗೆ ಸಿನಾಪ್ಸ್ ಎನ್ನುತ್ತಾರೆ. ಎರಡು ಕೋಶಗಳು ಮತ್ತೆ ಮತ್ತೆ ಜೊತೆಯಲ್ಲಿ ಕೆಲಸ ಮಾಡಿದರೆ ಅವುಗಳ ನಡುವಿನ ಸಂಧಿ ಬಲವಾಗುತ್ತದೆ, ಅಂದರೆ ಒಂದರ ಸಣ್ಣ ಕರೆಗೂ ಇನ್ನೊಂದು ಓಗೊಡುತ್ತದೆ. ಬಹುಕಾಲ ಬಳಸದೆ ಬಿಟ್ಟರೆ ಸಡಿಲವಾಗುತ್ತದೆ. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ ಎಂಬ ವಿಜ್ಞಾನಿಗಳು ಮೊಲದ ಮಿದುಳಿನಲ್ಲಿ ಸಂಧಿ ಹೀಗೆ ಬಲವಾಗುವುದನ್ನು ಅಳೆದು ತೋರಿಸಿದರು. ಇದಲ್ಲದೆ ನರಕೋಶದ ಕವಲುಗಳ ಮೇಲೆ ಹೊಸ ಮೊಗ್ಗುಗಳು ಮೂಡುವುದೂ, ಹಳೆಯವು ಉದುರುವುದೂ, ಹೆಚ್ಚು ಓಡಾಟವಿರುವ ನರತಂತುಗಳ ಹೊದಿಕೆ ದಪ್ಪವಾಗುವುದೂ ಉಂಟು. ಹೊಲದ ಬದುವಿನ ಮೇಲೆ ಜನ ನಡೆದು ನಡೆದು ಕಾಲುದಾರಿ ಮೂಡುವುದನ್ನು ಇದಕ್ಕೆ ಹೋಲಿಸಬಹುದು. ದಾರಿ ನಡೆದ ಕಡೆಗೇ ಮೂಡುತ್ತದೆ, ನಡೆದಷ್ಟೇ ಮೂಡುತ್ತದೆ, ಬದುವೇ ಕೊಚ್ಚಿಹೋದ ಕಡೆ ಎಷ್ಟು ನಡೆಯುತ್ತೇನೆಂದರೂ ಮೂಡುವುದಿಲ್ಲ. ‘ರೀವೈರಿಂಗ್’ ಎಂಬ ಮಾತು ಬೇರೆಯದೇ ಚಿತ್ರವನ್ನು ಕೊಡುತ್ತದೆ: ಎಲೆಕ್ಟ್ರಿಷಿಯನ್ ಬಂದು ಹಳೆಯ ತಂತಿ ಕಿತ್ತು ಹೊಸ ತಂತಿ ಎಳೆದು ಹೋದಂತೆ. ಶಿಬಿರಗಳು ಮಾರುತ್ತಿರುವುದು ಆ ಚಿತ್ರವನ್ನು.

ನನ್ನ ಬಳಿ ಬಂದಿದ್ದ ಒಬ್ಬ ತಾಯಿಯ ವಿಷಯವನ್ನು ವಿವರವಾಗಿ ಹೇಳಬೇಕು. ದೇವಸ್ಥಾನದ ಮುಂದೆ ಕುಳಿತು ಇಪ್ಪತ್ತೈದು ವರ್ಷ ಹೂ ಕಟ್ಟಿದವರು ಅವರು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು ಸೋತು, ಮಾತೂ ಸ್ವಲ್ಪ ತಡವರಿಸುತ್ತಿತ್ತು. ಐದನೆಯ ವಾರದಲ್ಲಿ ನನ್ನ ಬಳಿ ಬಂದಾಗ ಬಲಗೈ ಬೆರಳುಗಳು ಮಡಚಿಕೊಂಡಿದ್ದವು. ಆದರೆ ಮೇಜಿನ ಮೇಲೆ ಕೈ ಇರಿಸಿ ಬಿಚ್ಚಿ ಎಂದರೆ ಹೆಬ್ಬೆರಳೂ ಮೊದಲೆರಡು ಬೆರಳುಗಳೂ ಒಂದಿಷ್ಟು ಮೇಲೇಳುತ್ತಿದ್ದವು. ಹೊರಗಿನವರಿಗೆ ಇದು ಕಣ್ಣಿಗೂ ಬೀಳದ ಚಲನೆ, ನಮಗೆ ಬಹಳ ದೊಡ್ಡ ಸುದ್ದಿ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳ ಕಟ್ಟಿನಲ್ಲಿ ಕೆಲವಾದರೂ ಉಳಿದಿವೆ ಎಂಬುದಕ್ಕೆ ಅದೇ ಸಾಕ್ಷಿ. ಆ ಕಟ್ಟು ಪೂರ್ತಿ ಹೋಗಿದ್ದರೆ ಮಿದುಳಿನ ಎಷ್ಟೇ ನಮ್ಯತೆಯಿದ್ದರೂ ಬೆರಳಿನ ಸೂಕ್ಷ್ಮ ಕೆಲಸ ಹಿಂದಿರುಗುವುದು ಬಹಳ ಕಷ್ಟ, ಮತ್ತು ಆ ಮಾತನ್ನು ಮನೆಯವರಿಗೆ ಮೊದಲೇ ಹೇಳುವುದು ನಮ್ಮ ಕರ್ತವ್ಯ.

ಮಲ್ಲಿಗೆ ಕಟ್ಟುವಾಗ ಎಡಗೈ ಹೂವಿನ ತೊಟ್ಟುಗಳನ್ನು ಎದುರುಬದುರಾಗಿ ಹಿಡಿದಿರುತ್ತದೆ, ಬಲಗೈ ದಾರವನ್ನು ಬೆರಳಿಗೆ ಸುತ್ತಿ ಕುಣಿಕೆ ಮಾಡಿ ತೊಟ್ಟಿನ ಮೇಲೆ ಇಳಿಸಿ ಬಿಗಿಯುತ್ತದೆ. ಈ ಒಂದು ಕುಣಿಕೆಯನ್ನೇ ನಾವು ಬಿಡಿಸಿ ಬಿಡಿಸಿ ಕಲಿಸಿದೆವು. ಮೊದಲು ಹುಣಿಸೆ ಬೀಜವನ್ನು ತಟ್ಟೆಯಿಂದ ಎತ್ತಿ ಬಟ್ಟಲಿಗೆ ಹಾಕುವುದು. ಅದು ಬಂದ ಮೇಲೆ ಬಟ್ಟೆಯ ದಪ್ಪ ಹುರಿಯಿಂದ ಪೆನ್ಸಿಲಿಗೆ ಕುಣಿಕೆ ಹಾಕುವುದು. ಆಮೇಲೆ ದಪ್ಪ ತೊಟ್ಟಿನ ಸೇವಂತಿಗೆ, ಕೊನೆಗೆ ಮಲ್ಲಿಗೆ. ದಿನಕ್ಕೆ ಮುನ್ನೂರು ಕುಣಿಕೆ, ವಾರಕ್ಕೆ ಆರು ದಿನ. ಅವರ ಮೊಮ್ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಐದೈದು ಗೀಟು ಎಳೆದು ಲೆಕ್ಕ ಇಡುತ್ತಿದ್ದಳು. ಎಡಗೈ ನುಗ್ಗಿ ಸಹಾಯಕ್ಕೆ ಬರದಂತೆ ಬೀಜದ ಅಭ್ಯಾಸದ ಹೊತ್ತಿನಲ್ಲಿ ಅದಕ್ಕೆ ಕೈಗವಸು ತೊಡಿಸುತ್ತಿದ್ದೆವು. ನಡುವೆ ತಪ್ಪಿಹೋದ ವಾರಗಳನ್ನು ಬಿಟ್ಟು, ಅಭ್ಯಾಸ ನಡೆದ ಹತ್ತು ವಾರಗಳ ಕೊನೆಗೆ ಗೀಟುಗಳ ಮೊತ್ತ ಹದಿನೆಂಟು ಸಾವಿರದ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅವರು ಒಂದು ಮೊಳ ಮಲ್ಲಿಗೆಯನ್ನು ಇಪ್ಪತ್ತು ನಿಮಿಷದಲ್ಲಿ ಕಟ್ಟುತ್ತಿದ್ದರು. ಲಕ್ವಕ್ಕೆ ಮೊದಲು ಅದಕ್ಕೆ ಐದು ನಿಮಿಷವೂ ಬೇಕಾಗಿರಲಿಲ್ಲ.

ಏನು ಹಿಂದಿರುಗಲಿಲ್ಲ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಬೆರಳ ತುದಿಯ ಸ್ಪರ್ಶ ಪೂರ್ತಿಯಾಗಿ ಬರಲೇ ಇಲ್ಲ. ಹಿಂದೆ ಗಿರಾಕಿಗಳೊಡನೆ ಮಾತಾಡುತ್ತಾ, ಬೀದಿ ನೋಡುತ್ತಾ ಕಟ್ಟುತ್ತಿದ್ದವರು ಈಗ ಒಂದೊಂದು ಕುಣಿಕೆಯನ್ನೂ ದಿಟ್ಟಿಸಿ ನೋಡುತ್ತಾ ಕಟ್ಟುತ್ತಾರೆ. ಅಂದರೆ ಕಳೆದುಹೋದದ್ದೇ ಮರಳಿಲ್ಲ, ಕೈ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಕಣ್ಣು ವಹಿಸಿಕೊಂಡಿದೆ. ಇನ್ನೊಂದು ಸಂಗತಿಯೂ ಇದೆ. ಕುಣಿಕೆ ಹಾಕುವ ಆ ಬೆರಳುಗಳಿಂದಲೇ ಪೆನ್ನು ಹಿಡಿದು ರುಜು ಹಾಕಿ ಎಂದರೆ ಕೈ ಮೊದಲಿನಂತೆಯೇ ತಡಬಡಾಯಿಸುತ್ತಿತ್ತು. ರುಜುವನ್ನು ನಾವು ಅಭ್ಯಾಸ ಮಾಡಿಸಿರಲಿಲ್ಲ. ಮಾತಿನ ತಡವರಿಕೆಗೂ ಹೂ ಕಟ್ಟಿದ್ದರಿಂದ ಏನೂ ಆಗಲಿಲ್ಲ. ಅದಕ್ಕೆ ವಾಕ್ ಚಿಕಿತ್ಸಕರ ಬಳಿ ಬೇರೆಯದೇ ಅಭ್ಯಾಸ ಬೇಕಾಯಿತು. ಯಾವುದನ್ನು ಮಾಡಿದೆವೋ ಅದು ಬಂತು, ಅದರ ಅಕ್ಕಪಕ್ಕದ್ದು ಅಷ್ಟಿಷ್ಟು ಬಂತು, ದೂರದ್ದು ಬರಲಿಲ್ಲ.

ಇದು ಒಬ್ಬರ ಕಥೆ ಮಾತ್ರವಲ್ಲ ಎಂಬುದಕ್ಕೆ ಪುರಾವೆಗಳಿವೆ. 1996ರಲ್ಲಿ ರ‍್ಯಾಂಡಾಲ್ಫ್ ನ್ಯುಡೋ ಮತ್ತು ಸಂಗಡಿಗರು ಸಣ್ಣ ಜಾತಿಯ ಕೋತಿಗಳ ಮಿದುಳಿನಲ್ಲಿ ಕೈಯನ್ನು ನಡೆಸುವ ಜಾಗದ ಒಂದು ಚೂರಿಗೆ ಪೆಟ್ಟು ಮಾಡಿ, ಕಿರಿದಾದ ಗುಳಿಗಳಿಂದ ಆಹಾರದ ಉಂಡೆಯನ್ನು ಬೆರಳಿನಿಂದ ತೆಗೆಯುವ ಅಭ್ಯಾಸವನ್ನು ಕೊಟ್ಟರು. ಅಭ್ಯಾಸವಿಲ್ಲದ ಕೋತಿಗಳಲ್ಲಿ, ಪೆಟ್ಟಾಗದೆ ಉಳಿದಿದ್ದ ಕೈಯ ಜಾಗವೂ ಕ್ರಮೇಣ ಕಿರಿದಾಗುತ್ತಿತ್ತು; ಅಭ್ಯಾಸ ಮಾಡಿದ ಕೋತಿಗಳಲ್ಲಿ ಅದು ಉಳಿಯಿತು, ಕೆಲವದರಲ್ಲಿ ಮೊಣಕೈ ಮತ್ತು ಭುಜದ ಜಾಗದೊಳಕ್ಕೂ ಹಬ್ಬಿತು. ಮನುಷ್ಯರ ವಿಷಯದಲ್ಲಿ, ಲಕ್ವವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು, ಚೆನ್ನಾಗಿರುವ ಕೈಗೆ ಕೈಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸಿದಾಗ ಆ ಕೈ ಸಾಮಾನ್ಯ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಸುಧಾರಿಸಿತು, ಮತ್ತು ಆ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ತಾವಾಗಿ ಎತ್ತಬಲ್ಲವರನ್ನು ಮಾತ್ರ. ಈ ಷರತ್ತನ್ನು ಬಿಟ್ಟು ಫಲಿತಾಂಶವನ್ನಷ್ಟೇ ಹೇಳುವುದು ಅರ್ಧಸತ್ಯ.

ಹಾಗಾದರೆ ಇನ್ನೂ ಹೆಚ್ಚು ಮಾಡಿಸಿದರೆ ಇನ್ನೂ ಹೆಚ್ಚು ಬರುತ್ತದೆಯೇ? ನನ್ನ ವೃತ್ತಿಯವರೆಲ್ಲ ಹಾಗೆಯೇ ನಂಬಿದ್ದೆವು. ಕ್ಯಾಥರೀನ್ ಲ್ಯಾಂಗ್ ಎಂಬ ಸಂಶೋಧಕಿ 2009ರಲ್ಲಿ ಥೆರಪಿ ಅವಧಿಗಳನ್ನು ಕುಳಿತು ಎಣಿಸಿದಾಗ ಒಂದು ಅವಧಿಯಲ್ಲಿ ಕೈಯ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ ಇದ್ದವು. ಪ್ರಾಣಿ ಪ್ರಯೋಗಗಳಲ್ಲಿ ಅವು ನೂರುಗಟ್ಟಲೆ. ಅದನ್ನು ಓದಿ ನಾಚಿಕೊಂಡು ನಾವು ಎಣಿಕೆ ಹೆಚ್ಚಿಸಿದವರು. ಆದರೆ ಅದೇ ಸಂಶೋಧಕಿ 2016ರಲ್ಲಿ, ಲಕ್ವವಾಗಿ ಆರು ತಿಂಗಳು ದಾಟಿದ 85 ಜನರಲ್ಲಿ ಕೆಲವರಿಗೆ 3,200, ಕೆಲವರಿಗೆ 6,400, ಕೆಲವರಿಗೆ 9,600 ಪುನರಾವರ್ತನೆ, ಉಳಿದವರಿಗೆ ಅವರಿಂದಾಗುವಷ್ಟು ಎಂದು ಹಂಚಿ ಮಾಡಿಸಿದಾಗ, ಎಲ್ಲ ಗುಂಪುಗಳ ಲಾಭವೂ ಅಲ್ಪವೇ ಆಗಿತ್ತು ಮತ್ತು ಹೆಚ್ಚು ಮಾಡಿದವರಿಗೆ ಹೆಚ್ಚು ಬಂದಿತೆಂದು ಕಾಣಲಿಲ್ಲ. ಹೆಚ್ಚಿನ ಅಭ್ಯಾಸವನ್ನು ಯಾವಾಗ ಕೊಟ್ಟರೆ ಒಳ್ಳೆಯದೆಂದು 72 ಜನರಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಲಕ್ವದ ನಂತರದ ಎರಡು ಮೂರು ತಿಂಗಳ ನಡುವೆ ಕೊಟ್ಟ ಇಪ್ಪತ್ತು ಗಂಟೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಆರು ತಿಂಗಳ ನಂತರ ಕೊಟ್ಟ ಅಷ್ಟೇ ಗಂಟೆಗಳು ಗಮನಾರ್ಹ ಫಲ ಕೊಡಲಿಲ್ಲ. ಆದ್ದರಿಂದ ನನ್ನ ರೋಗಿಯ ಹದಿನೆಂಟು ಸಾವಿರ ಗೀಟುಗಳೇ ಆ ಬೆರಳುಗಳನ್ನು ಬಿಡಿಸಿದವು ಎಂದು ನಾನು ಎದೆ ತಟ್ಟಿ ಹೇಳಲಾರೆ. ಆ ವಾರಗಳಲ್ಲಿ ಮಿದುಳಿನ ಊತ ಇಳಿದು, ಪೆಟ್ಟಿನ ಸುತ್ತಲ ಜಾಗ ತಾನಾಗಿ ಚೇತರಿಸಿಕೊಂಡದ್ದೂ ಅದರಲ್ಲಿ ಸೇರಿದೆ. ಎರಡನ್ನೂ ಬೇರ್ಪಡಿಸಿ ನೋಡಲು ಹೋಲಿಕೆಯ ಗುಂಪು ಬೇಕು. ಹೋಲಿಕೆಯ ಗುಂಪಿಲ್ಲದೆ ‘ನಮ್ಮ ಕೋರ್ಸಿನಿಂದಲೇ ಸುಧಾರಿಸಿತು’ ಎನ್ನುವವರ ಮಾತನ್ನು ನಂಬಬಾರದೆಂದು ನಾನು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಆ ತಾಯಿಗೆ ಒಂದು ನಷ್ಟವೂ ಆಯಿತು. ಚಿಕಿತ್ಸೆಯ ನಡುವೆ ಅವರ ಮಗ, ಕೇಳಿಸಿಕೊಳ್ಳುತ್ತಾ ಮಲಗಿದರೆ ಸಾಕು ಮಿದುಳು ರೀವೈರ್ ಆಗುತ್ತದೆ ಎಂಬ ಜಾಹೀರಾತು ನಂಬಿ, ಒಂದು ತಿಂಗಳ ದುಡಿಮೆಯನ್ನು ಸುರಿದು ಹೆಡ್‌ಫೋನ್ ಮತ್ತು ಧ್ವನಿಮುದ್ರಿಕೆಗಳನ್ನು ತಂದರು. ಮೂರು ವಾರ ನೋಟ್‌ಬುಕ್ಕಿನಲ್ಲಿ ಗೀಟುಗಳಿಲ್ಲ. ಮೇಲೆ ಹೇಳಿದ ಆ ಬೆಲೆಬಾಳುವ ಎರಡು ಮೂರು ತಿಂಗಳ ನಡುವಿನ ವಾರಗಳೇ ಅವು. ಹಣವನ್ನು ಮತ್ತೆ ದುಡಿಯಬಹುದು, ಆ ವಾರಗಳನ್ನು ತಂದುಕೊಡಲು ನನ್ನಿಂದ ಆಗಲಿಲ್ಲ.

ಮಿದುಳಿನ ನಕ್ಷೆ ಪೂರ್ತಿ ಬದಲಾಗಿಬಿಡುತ್ತದೆ ಎಂಬ ಮಾತು ವಿಜ್ಞಾನಿಗಳ ನಡುವೆಯೇ ಹೇಗೆ ತಿದ್ದುಪಡಿಯಾಗುತ್ತಿದೆ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕು. 1984ರಲ್ಲಿ ಮೈಕೆಲ್ ಮರ್ಜೆನಿಕ್ ಮತ್ತು ಸಂಗಡಿಗರು, ಕೋತಿಯ ಒಂದು ಬೆರಳನ್ನು ತೆಗೆದ ನಂತರ ಮಿದುಳಿನಲ್ಲಿ ಆ ಬೆರಳಿಗಿದ್ದ ಜಾಗ ಪಕ್ಕದ ಬೆರಳುಗಳ ಸ್ಪರ್ಶಕ್ಕೆ ಸ್ಪಂದಿಸತೊಡಗುತ್ತದೆಂದು ತೋರಿಸಿದರು. ಅದರಿಂದ, ಅಂಗ ಹೋದರೆ ಅದರ ಜಾಗವನ್ನು ನೆರೆಯವರು ಆಕ್ರಮಿಸಿಕೊಂಡುಬಿಡುತ್ತಾರೆ ಎಂಬ ತಿಳಿವಳಿಕೆ ಪಠ್ಯಗಳಲ್ಲಿ ಬೇರೂರಿತು. 2025ರಲ್ಲಿ ಟಾಮರ್ ಮಾಕಿನ್ ಅವರ ತಂಡ ಪ್ರಕಟಿಸಿದ ಅಧ್ಯಯನ ಇದನ್ನು ಮರುಪರಿಶೀಲಿಸಿತು. ತೋಳು ಕತ್ತರಿಸುವುದು ಅನಿವಾರ್ಯವಾಗಿದ್ದ ಮೂವರನ್ನು ಶಸ್ತ್ರಚಿಕಿತ್ಸೆಗೆ ಮೊದಲೂ, ನಂತರ ಹಲವು ಬಾರಿಯೂ, ಒಬ್ಬರನ್ನು ಐದು ವರ್ಷಗಳ ತನಕವೂ ಸ್ಕ್ಯಾನ್ ಮಾಡಿದರು. ಇಲ್ಲದ ಕೈಯ ಬೆರಳುಗಳನ್ನು ಆಡಿಸಲು ಅವರು ಪ್ರಯತ್ನಿಸಿದಾಗ ಮಿದುಳಿನಲ್ಲಿ ಮೂಡಿದ ನಕ್ಷೆ, ಕೈ ಇದ್ದಾಗಿನ ನಕ್ಷೆಯಂತೆಯೇ ಇತ್ತು. ಮೂವರು ಎಂಬುದು ಸಣ್ಣ ಸಂಖ್ಯೆಯೇ, ಆದರೆ ಅದೇ ವ್ಯಕ್ತಿಯನ್ನು ಮುಂಚೆಯೂ ಆಮೇಲೂ ನೋಡಿದ್ದರಿಂದ ಈ ಪುರಾವೆಗೆ ತೂಕವಿದೆ. ಬಹಳಷ್ಟು ಸಂದರ್ಭಗಳಲ್ಲಿ ಮಿದುಳು ಹೊಸದಾಗಿ ಏನನ್ನೋ ಕಟ್ಟುವುದಿಲ್ಲ, ಮೊದಲೇ ಇದ್ದ ಕ್ಷೀಣ ಸಂಪರ್ಕಗಳನ್ನು ಬಲಪಡಿಸಿಕೊಳ್ಳುತ್ತದೆ ಎಂಬ ವಾದಕ್ಕೆ ಇದರಿಂದ ಒತ್ತು ಸಿಕ್ಕಿದೆ. ನನ್ನ ಕೆಲಸದ ಅನುಭವವೂ ಅದನ್ನೇ ಹೇಳುತ್ತದೆ.

ಮಕ್ಕಳಿಗೂ ಆರೋಗ್ಯವಂತರಿಗೂ ಇದು ಅನ್ವಯಿಸುತ್ತದೆಯೇ ಎಂದು ತಾವು ಕೇಳಬಹುದು. ಆರೋಗ್ಯವಂತ ಮಿದುಳಿನ ಬಗ್ಗೆ ಅತ್ಯಂತ ಚೆನ್ನಾಗಿ ಅಧ್ಯಯನವಾದ ಸಂಗತಿ ಲಂಡನ್ನಿನ ಟ್ಯಾಕ್ಸಿ ಚಾಲಕರದು. ಅಲ್ಲಿ ಕಪ್ಪು ಟ್ಯಾಕ್ಸಿಯ ಲೈಸೆನ್ಸ್ ಬೇಕಾದರೆ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಎದುರಿಸಬೇಕು. ತಯಾರಿಗೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲಿನಾರ್ ಮೆಗ್ವಾಯರ್ ಮತ್ತು ಕ್ಯಾಥರೀನ್ ವೂಲೆಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 79 ಅಭ್ಯರ್ಥಿಗಳನ್ನು ತರಬೇತಿಯ ಆರಂಭದಲ್ಲಿ ನೋಡಿ, ಅವರಲ್ಲಿ ಮರಳಿ ಬಂದವರನ್ನು ಕೊನೆಯಲ್ಲಿಯೂ ನೋಡಿದರು. ತೇರ್ಗಡೆಯಾದ 39 ಜನರಲ್ಲಿ ದಾರಿಗಳ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಹಿಗ್ಗಿತ್ತು, ತೇರ್ಗಡೆಯಾಗದವರಲ್ಲಿ ಹಿಗ್ಗಿರಲಿಲ್ಲ. ಪ್ರೌಢರ ಮಿದುಳು ಬದಲಾಗುತ್ತದೆ ಎಂಬುದಕ್ಕೆ ಶಿಬಿರದವರು ಎತ್ತಿ ತೋರಿಸುವ ಉದಾಹರಣೆ ಇದೇ. ಆದರೆ ಅದರ ಮುಂದಿನ ಸಾಲನ್ನು ಅವರು ಓದುವುದಿಲ್ಲ: ಆ ತೇರ್ಗಡೆಯಾದ ಚಾಲಕರು ಒಂದು ಜಟಿಲ ರೇಖಾಚಿತ್ರವನ್ನು ನೋಡಿ, ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬರೆಯುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು. ಬೀದಿಗಳ ನೆನಪು ಬೆಳೆದದ್ದರಿಂದ ಇಡೀ ಜ್ಞಾಪಕಶಕ್ತಿ ಬೆಳೆಯಲಿಲ್ಲ, ಇನ್ನೊಂದು ಬಗೆಯ ನೆನಪು ಒಂದಿಷ್ಟು ಬೆಲೆಯನ್ನೂ ತೆತ್ತಿತು.

ಕಂಪ್ಯೂಟರಿನ ಮಿದುಳಿನ ಕಸರತ್ತುಗಳ ವಿಷಯವೂ ಹೀಗೆಯೇ. 2010ರಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ 11,430 ಜನರಿಗೆ ಆರು ವಾರ ಇಂತಹ ಆಟಗಳನ್ನು ಆಡಿಸಿದರು. ಆಡಿದ ಆಟದಲ್ಲಿ ಎಲ್ಲರೂ ಪಳಗಿದರು. ಆಡದ ಪರೀಕ್ಷೆಯಲ್ಲಿ, ಅದು ಆಟವನ್ನು ಬಹುಮಟ್ಟಿಗೆ ಹೋಲುತ್ತಿದ್ದರೂ, ಲಾಭ ಕಾಣಲಿಲ್ಲ. ಇಂತಹ ಆಟಗಳನ್ನು ಮಾರುವ ಲುಮೋಸಿಟಿ ಎಂಬ ಕಂಪನಿಯ ಮೇಲೆ, ಶಾಲೆ ಮತ್ತು ಕೆಲಸದಲ್ಲಿ ಮುಂದೆ ಬರುತ್ತೀರಿ ಎಂದು ಆಧಾರವಿಲ್ಲದೆ ಹೇಳಿದ ಕಾರಣಕ್ಕೆ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿ, 2016ರ ಜನವರಿಯಲ್ಲಿ 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಅಬಾಕಸ್ ಕಲಿತ ಮಗು ಬೇಗ ಲೆಕ್ಕ ಮಾಡುತ್ತದೆ ಎಂದರೆ ನಾನು ಒಪ್ಪುತ್ತೇನೆ, ಏಕೆಂದರೆ ಕಲಿತದ್ದು ಲೆಕ್ಕವನ್ನೇ. ಅದರಿಂದ ಇತಿಹಾಸದ ಪಾಠವೂ ಬೇಗ ತಲೆಗೆ ಹೋಗುತ್ತದೆ ಎಂದರೆ ಪುರಾವೆ ಕೇಳುತ್ತೇನೆ.

ಕರಪತ್ರದ 21 ದಿನಗಳ ಮೂಲವೂ ತಿಳಿದಿರಲಿ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ, ತನ್ನ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು ತಾನು ಕಂಡದ್ದನ್ನು ಬರೆದಿದ್ದ. ಅದು ಮಿದುಳಿನ ಅಳತೆಯೂ ಅಲ್ಲ, ಪ್ರಯೋಗವೂ ಅಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಎಂಬ ಪದ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನ ತಾವೇ ಆರಿಸಿಕೊಂಡ ಸಣ್ಣ ಅಭ್ಯಾಸಗಳು, ಊಟದೊಡನೆ ಒಂದು ಲೋಟ ನೀರು ಕುಡಿಯುವಂಥವು, ತಾವಾಗಿಯೇ ನಡೆಯುವಂತಾಗಲು ಎಷ್ಟು ದಿನ ಬೇಕೆಂದು ನೋಡಿದಾಗ ಮಧ್ಯದ ಅಂಕಿ 66 ದಿನ ಬಂದಿತು, ಒಬ್ಬೊಬ್ಬರ ಲೆಕ್ಕ 18ರಿಂದ 254 ದಿನಗಳವರೆಗೆ ಹರಡಿತ್ತು. ಮಿದುಳಿಗೆ 21 ಎಂಬ ಗಡುವಿಲ್ಲ.

ಇನ್ನು ಮಧ್ಯಮಿದುಳಿನ ವಿಷಯ. ಮಧ್ಯಮಿದುಳು ಪ್ರತಿಯೊಂದು ಮಗುವಿನಲ್ಲಿಯೂ ಹುಟ್ಟಿನಿಂದಲೇ ಕೆಲಸ ಮಾಡುತ್ತಿರುತ್ತದೆ. ಕಣ್ಣಿಗೆ ಬೆಳಕು ಬಿಟ್ಟಾಗ ಪಾಪೆ ಕಿರಿದಾಗುವುದು, ಕಣ್ಣುಗುಡ್ಡೆಗಳು ಮೇಲೆ ಕೆಳಗೆ ತಿರುಗುವುದು, ಸದ್ದಾದ ಕಡೆಗೆ ತಲೆ ಹೊರಳುವುದು ಇವೆಲ್ಲ ಅದರ ಕೆಲಸ. ಅದು ನಿದ್ರಿಸುತ್ತಿದ್ದರೆ ಮಗು ಕರಪತ್ರ ಓದುವ ಸ್ಥಿತಿಯಲ್ಲಿ ಇರುವುದಿಲ್ಲ, ತೀವ್ರ ನಿಗಾ ಘಟಕದಲ್ಲಿರುತ್ತದೆ. ಪಟ್ಟಿ ಕಟ್ಟಿಕೊಂಡು ಓದುವುದು ಹೇಗೆಂದು ಅರಿಯಲು ಪ್ರಯೋಗಾಲಯ ಬೇಕಿಲ್ಲ. ಕಣ್ಣಿನ ಪಟ್ಟಿ ಕಟ್ಟಿಕೊಂಡು ತಾವೇ ಒಮ್ಮೆ ಕೆಳಗೆ ನೋಡಿ: ಮೂಗಿನ ಎರಡೂ ಬದಿಯ ಸಂದಿಯಿಂದ ಮಡಿಲಲ್ಲಿರುವ ಪುಸ್ತಕ ಕಾಣುತ್ತದೆ. ಮಗು ಪುಸ್ತಕವನ್ನು ಎದೆಯ ಕೆಳಗೆ ಹಿಡಿಯುತ್ತದೆ, ಗದ್ದವನ್ನು ತುಸು ಎತ್ತುತ್ತದೆ, ಮೂಸುವಂತೆ ಮುಖ ಆಡಿಸುತ್ತದೆ. ಆ ಸಂದಿಯಲ್ಲಿ ಹತ್ತಿ ತುಂಬಿ ಅದರ ಮೇಲೆ ಈಜು ಕನ್ನಡಕಕ್ಕೆ ಕಪ್ಪು ಕಾಗದ ಅಂಟಿಸಿ ತೊಡಿಸಿದರೆ, ಇಲ್ಲವೇ ಪುಸ್ತಕವನ್ನು ಹಣೆಯ ಎತ್ತರದಲ್ಲಿ ಹಿಡಿದರೆ ಓದು ನಿಂತುಹೋಗುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇಂತಹ ಪ್ರದರ್ಶನಗಳ ಬಗ್ಗೆ ಬಹಳ ವರ್ಷಗಳಿಂದ ಎಚ್ಚರಿಸುತ್ತಾ ಬಂದಿದ್ದಾರೆ. ನನಗೆ ಹಣದ ನಷ್ಟಕ್ಕಿಂತ ಹೆಚ್ಚು ನೋವು ಕೊಡುವುದು ಬೇರೆ: ತಂದೆತಾಯಿಯ ಮುಂದೆ ಸಂದಿಯಿಂದ ಇಣುಕಿ, ಕಾಣುತ್ತಿಲ್ಲ ಎಂದು ಹೇಳಬೇಕಾದ ಸ್ಥಿತಿಗೆ ಏಳೆಂಟು ವರ್ಷದ ಮಗುವನ್ನು ತರುತ್ತಿದ್ದೇವೆ. ಆ ಮಗು ಸುಳ್ಳು ಹೇಳುವುದನ್ನು ದಿನವೂ ಅಭ್ಯಾಸ ಮಾಡುತ್ತಿದೆ, ಮತ್ತು ಅಭ್ಯಾಸ ಮಾಡಿದ್ದು ಬರುತ್ತದೆ.

ಆದ್ದರಿಂದ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟು. ಮಿದುಳಿನ ಹೆಸರಿನಲ್ಲಿ ಯಾವುದೇ ಸಂಸ್ಥೆ ಶಾಲೆಯೊಳಗೆ ಕೋರ್ಸು ಮಾರಲು ಬಂದಾಗ, ಅಭ್ಯಾಸ ಮಾಡಿಸದ ವಿಷಯದಲ್ಲಿ ಮಕ್ಕಳು ಸುಧಾರಿಸಿದರೇ, ಕೋರ್ಸು ಮಾಡದ ಅದೇ ತರಗತಿಯ ಮಕ್ಕಳೊಡನೆ ಹೋಲಿಸಿ ನೋಡಿದ್ದೀರಾ, ಅಳತೆ ಮಾಡಿದವರು ಕೋರ್ಸು ಮಾರುವವರೇ ಅಥವಾ ಬೇರೆಯವರೇ, ಆರು ತಿಂಗಳ ನಂತರ ಏನು ಉಳಿದಿತ್ತು ಎಂಬ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯದೆ ಶಾಲೆಯ ಮೊಹರನ್ನಾಗಲಿ, ಡೈರಿಯನ್ನಾಗಲಿ, ಸಭಾಂಗಣವನ್ನಾಗಲಿ ಕೊಡಬಾರದೆಂದು ಒಂದು ಸುತ್ತೋಲೆ ಹೊರಡಿಸಬೇಕು. ಕಣ್ಣುಪಟ್ಟಿಯ ಪ್ರದರ್ಶನ ಮಾಡುವವರಿಗೆ ಮೇಲೆ ಹೇಳಿದ ಹತ್ತಿ ಮತ್ತು ಈಜು ಕನ್ನಡಕದ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು. ಆ ಪರೀಕ್ಷೆ ಮಗುವಿಗೆ ಅವಮಾನವಾಗದಂತೆ, ಪೋಷಕರ ಸಭೆಯಲ್ಲಿ ಅಲ್ಲದೆ ಬೇರೆ ಕೋಣೆಯಲ್ಲಿ ನಡೆಯಬೇಕು.

ಮಕ್ಕಳ ಮಿದುಳಿನ ನಮ್ಯತೆಗೆ ನಿಜವಾಗಿಯೂ ಕಾಲಮಿತಿ ಇರುವ, ಶಾಲೆಯಲ್ಲಿಯೇ ಹಿಡಿಯಬಹುದಾದ ಒಂದು ಸಂಗತಿ ಇದೆ, ಮತ್ತು ಅದಕ್ಕೂ ಕಣ್ಣುಪಟ್ಟಿಯೇ ಬೇಕು. ಕೆಲವು ಮಕ್ಕಳಲ್ಲಿ ಮೆಳ್ಳೆಗಣ್ಣಿನಿಂದಲೋ, ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಬೇರೆಯಿರುವುದರಿಂದಲೋ, ಮಿದುಳು ಮಸುಕಾದ ಕಣ್ಣಿನ ಚಿತ್ರವನ್ನು ಬದಿಗಿಟ್ಟು ಚೆನ್ನಾಗಿರುವ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಕಣ್ಣುಗುಡ್ಡೆ ನೋಡಲು ಸರಿಯಾಗಿಯೇ ಇರಬಹುದು, ದುರ್ಬಲವಾದದ್ದು ಆ ಕಣ್ಣಿಗೂ ಮಿದುಳಿಗೂ ಇರುವ ಸಂಪರ್ಕ. ಸರಿಯಾದ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿನ ಮೇಲೆ ಪಟ್ಟಿ ಅಂಟಿಸಿ ದುರ್ಬಲ ಕಣ್ಣಿನಿಂದ ನೋಡಿಸಿದರೆ ದೃಷ್ಟಿ ಸುಧಾರಿಸುತ್ತದೆ; ಸಾಧಾರಣ ತೀವ್ರತೆಯ ತೊಂದರೆಯಿದ್ದ ಏಳು ವರ್ಷದೊಳಗಿನ ಮಕ್ಕಳಲ್ಲಿ ದಿನಕ್ಕೆ ಎರಡು ಗಂಟೆಯ ಪಟ್ಟಿ ಆರು ಗಂಟೆಯಷ್ಟೇ ಫಲ ಕೊಟ್ಟದ್ದನ್ನು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಏಳು ವರ್ಷ ದಾಟಿದ ಮೇಲೂ ಸ್ವಲ್ಪ ಸುಧಾರಣೆ ಸಾಧ್ಯ, ಆದರೆ ವಯಸ್ಸು ಹೆಚ್ಚಿದಂತೆ ಅದು ಕಡಿಮೆಯಾಗುತ್ತದೆ. ಒಂದು ಕಣ್ಣು ಚೆನ್ನಾಗಿರುವುದರಿಂದ ಮಗು ತಾನಾಗಿ ದೂರುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಒಂದನೆಯ ತರಗತಿಯ ಪ್ರತಿಯೊಂದು ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದಲ್ಲದೆ ರಟ್ಟಿನಿಂದ ಪೂರ್ತಿ ಮುಚ್ಚಿ, ದೂರದ ಅಕ್ಷರಗಳ ಪಟವನ್ನು ಓದಿಸಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದ ಮಗು ಇನ್ನೊಂದನ್ನು ಮುಚ್ಚಿದ ಕೂಡಲೇ ತಲೆ ತಿರುಗಿಸಿದರೆ, ರಟ್ಟನ್ನು ಸರಿಸಲು ಕೈ ಎತ್ತಿದರೆ, ಅಕ್ಷರಗಳಲ್ಲಿ ತಪ್ಪಿದರೆ, ಆ ಮಗುವಿನ ಹೆಸರನ್ನು ಬರೆದುಕೊಂಡು ಅದೇ ತಿಂಗಳು ಕಣ್ಣಿನ ವೈದ್ಯರ ಬಳಿ ಕಳಿಸಿ.

ಕರಪತ್ರದ ಪ್ರತಿಯನ್ನು, ಶಾಲೆಯ ಹೆಸರನ್ನು ಮರೆಮಾಡಿ, ಈ ಪತ್ರದೊಡನೆ ಲಗತ್ತಿಸಿದ್ದೇನೆ. ಇಲಾಖೆ ಕರೆದರೆ ಶಿಕ್ಷಕರಿಗೆ ಈ ಎರಡೂ ಪರೀಕ್ಷೆಗಳನ್ನು ಮಾಡಿ ತೋರಿಸಲು, ಯಾವ ಸಂಭಾವನೆಯೂ ಇಲ್ಲದೆ, ಯಾವ ಶನಿವಾರವಾದರೂ ಬರಲು ಸಿದ್ಧಳಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್
ಮೈಸೂರು